‘ಸ್ವಲ್ಪ ಸೌಂಡ್ ಕಡಿಮೆ ಮಾಡ್ರಿ’ ಎಂದರೂ ಯಾಕೆ ಕಡಿಮೆಯಾಗುವುದಿಲ್ಲ? ಮಾಳಿಗೆ ಮೇಲಿನ ಬ್ಲೂಟೂತ್ ಸ್ಪೀಕರ್ ಬಗ್ಗೆ ನೆರೆಮನೆಗೆ ಕಳಿಸುವ ಸಂದೇಶ

ಬೇಸಿಗೆ ಬಂತೆಂದರೆ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿ ಕಡೆ ಅರ್ಧ ಊರು ಮಾಳಿಗೆ ಮೇಲೆ ಮಲಗುತ್ತದೆ. ಹಗಲೆಲ್ಲ ಕಾದ ಕಲ್ಲುಚಪ್ಪಡಿ ರಾತ್ರಿ ಹನ್ನೊಂದಾದರೂ ಮನೆಯೊಳಗೆ ಕಾವು ಬಿಡುತ್ತಲೇ ಇರುತ್ತದೆ. ಹಾಗಾಗಿ ಹೊರಸು, ಚಾಪೆ, ನೀರಿನ ಬಾಟಲಿ ಎಲ್ಲವೂ ಮೇಲಕ್ಕೆ ಹೋಗುತ್ತವೆ. ಹುಡುಗರ ಜೊತೆ ಬ್ಲೂಟೂತ್ ಸ್ಪೀಕರ್ ಕೂಡ ಮೇಲಕ್ಕೆ ಹೋಗುತ್ತದೆ. ಒಂದು ಮಾಳಿಗೆಯಲ್ಲಿ ಹಾಡು, ಪಕ್ಕದ ಮಾಳಿಗೆಯಲ್ಲಿ ಬೆಳಿಗ್ಗೆ ಪಾಳಿಗೆ ಹೋಗಬೇಕಾದವರ ನಿದ್ದೆ. ನಡುವೆ ಗೋಡೆ ಇಲ್ಲ, ಕಿಟಕಿ ಇಲ್ಲ.

ಈ ವಿಷಯದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಮೂರು ಮಾತುಗಳು ಆಗಾಗ ಕೇಳಿಬರುತ್ತವೆ. ‘ರಾತ್ರಿ 10ರ ತನಕ ಎಷ್ಟು ಜೋರಾಗಿ ಹಾಕಿದರೂ ಯಾರೂ ಕೇಳುವ ಹಾಗಿಲ್ಲ.’ ‘ನಿಯಮ ಇರುವುದು ಮೈಕ್, ಡಿಜೆಗೆ ಮಾತ್ರ, ಬ್ಲೂಟೂತ್ ಸ್ಪೀಕರ್‌ಗೆ ಅಲ್ಲ.’ ‘ರಾತ್ರಿ ತಂಪಿಗೆ ಶಬ್ದ ವೇಗವಾಗಿ ಓಡುತ್ತದೆ, ಅದಕ್ಕೇ ಜೋರಾಗಿ ಕೇಳುತ್ತದೆ, ಸ್ಪೀಕರ್ ತಪ್ಪಲ್ಲ.’ ಮೂರೂ ಸರಿಯಲ್ಲ. ಅವು ಯಾಕೆ ಸರಿಯಲ್ಲ ಎಂದು ಮುಂದೆ ಹೇಳುತ್ತೇವೆ. ಆದರೆ ಇಲ್ಲಿ ನಮ್ಮ ಮುಖ್ಯ ವಿಷಯ ಇನ್ನೊಂದು: ನೆರೆಯವರಿಗೆ ಸೌಜನ್ಯದಿಂದ ಕಳಿಸಿದ ಸಂದೇಶ ಕೂಡ ಬಹಳ ಸಲ ಕೆಲಸ ಮಾಡುವುದಿಲ್ಲ, ಯಾಕೆ?

‘ಸ್ವಲ್ಪ’ ಎಂಬ ಮಾತಿನ ತೊಂದರೆ

ಹೆಚ್ಚಿನವರು ಕಳಿಸುವುದು ಒಂದೇ ಸಾಲು: ‘ಸ್ವಲ್ಪ ಸೌಂಡ್ ಕಡಿಮೆ ಮಾಡ್ರಿ.’ ಆ ಕಡೆಯವರು ಓದುತ್ತಾರೆ, ಮೊಬೈಲ್‌ನ ಗುಂಡಿಯನ್ನು ಒಂದೆರಡು ಸಲ ಒತ್ತುತ್ತಾರೆ, ‘ಆಯ್ತ್ರಿ’ ಎಂದು ಉತ್ತರ ಹಾಕುತ್ತಾರೆ. ಈ ಕಡೆ ಮಲಗಿದವರಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ‘ಆಯ್ತು ಅಂದ, ಮಾಡಲಿಲ್ಲ’ ಎಂದು ಇವರಿಗೆ ಸಿಟ್ಟು. ‘ಮಾಡಿದೆ, ಆದರೂ ಕಿರಿಕಿರಿ’ ಎಂದು ಅವರಿಗೆ ಸಿಟ್ಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಮ್ಮ ಕಿವಿ ಶಬ್ದವನ್ನು ಅಳೆಯುವ ರೀತಿಯೇ ಇದಕ್ಕೆ ಕಾರಣ. ಶಬ್ದದ ಮಟ್ಟವನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. 3 ಡೆಸಿಬೆಲ್ ಇಳಿದರೆ ಸ್ಪೀಕರ್‌ನಿಂದ ಹೊರಡುವ ಶಬ್ದಶಕ್ತಿ ಅರ್ಧವಾಗುತ್ತದೆ, ಆದರೆ ಕಿವಿಗೆ ಅದು ಅಷ್ಟಕ್ಕಷ್ಟೇ ಗೊತ್ತಾಗುವ ವ್ಯತ್ಯಾಸ. ಶಬ್ದ ಅರ್ಧಕ್ಕಿಳಿಯಿತು ಎಂದು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಮೊಬೈಲ್‌ನಲ್ಲಿ ಒಂದೆರಡು ಮೆಟ್ಟಿಲು ಇಳಿಸಿದರೆ ಸಾಮಾನ್ಯವಾಗಿ ಅಷ್ಟು ಆಗುವುದಿಲ್ಲ. ಎಷ್ಟೋ ಸಲ ಮೊಬೈಲ್‌ನ ವಾಲ್ಯೂಮ್ ಬೇರೆ, ಸ್ಪೀಕರ್ ಮೈಮೇಲಿನ ಗುಂಡಿಯ ವಾಲ್ಯೂಮ್ ಬೇರೆ ಇರುತ್ತದೆ. ಒಂದನ್ನು ಇಳಿಸಿದರೂ ಇನ್ನೊಂದು ತುಂಬ ಮೇಲೇ ಉಳಿದಿರುತ್ತದೆ.

ಇನ್ನೊಂದು ಸಂಗತಿ, ಹಾಡು ಹಚ್ಚಿದವರಿಗೆ ಅದು ಜೋರಾಗಿ ಇದೆ ಎಂದೇ ಅನಿಸಿರುವುದಿಲ್ಲ. ಕೋಣೆಯೊಳಗೆ ಸ್ಪೀಕರ್ ಇಟ್ಟರೆ ಗೋಡೆ, ಛಾವಣಿ ಶಬ್ದವನ್ನು ತಿರುಗಿಸಿ ಕೊಡುತ್ತವೆ, ಹಾಡು ತುಂಬಿಕೊಂಡಂತೆ ಕೇಳುತ್ತದೆ. ಅದೇ ಸ್ಪೀಕರ್ ಮಾಳಿಗೆಗೆ ಬಂದರೆ ಶಬ್ದ ಹೋದದ್ದು ಹೋಗಿಯೇಬಿಡುತ್ತದೆ. ಅದರಲ್ಲೂ ಬಾಸ್ ಸಪ್ಪೆ ಅನಿಸುತ್ತದೆ. ಹಾಗಾಗಿ ವಾಲ್ಯೂಮ್ ಏರಿಸುತ್ತಾರೆ, ಬಾಸ್ ಗುಂಡಿ ಒತ್ತುತ್ತಾರೆ. ಒಂದು ತಾಸು ಜೋರು ಹಾಡು ಕೇಳಿದ ಕಿವಿ ತಾತ್ಕಾಲಿಕವಾಗಿ ಮಂದವೂ ಆಗುತ್ತದೆ, ಮತ್ತೆ ಒಂದು ಮೆಟ್ಟಿಲು ಏರುತ್ತದೆ. ‘ಬೇಕಂತಲೇ ಮಾಡುತ್ತಿದ್ದಾನೆ’ ಎಂದುಕೊಳ್ಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಸಂದೇಶದ ಧಾಟಿ ಇದರಿಂದಲೇ ಬದಲಾಗುತ್ತದೆ.

ಒಂದು ಮಾಳಿಗೆಯ ಲೆಕ್ಕ

ಒಂದು ಸರಳ ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕು ಜನ ಗೆಳೆಯರು ಮಾಳಿಗೆಯ ನಡುವೆ ಚಾಪೆ ಹಾಸಿ ಕೂತಿದ್ದಾರೆ. ಸ್ಪೀಕರ್ ಅವರಿಂದ 4 ಮೀಟರ್ ದೂರದಲ್ಲಿ, ಮಾಳಿಗೆಯ ಅಂಚುಗೋಡೆಯ ಮೇಲೆ ಇದೆ. ಆ ಸ್ಪೀಕರ್‌ನಿಂದ 16 ಮೀಟರ್ ದೂರದಲ್ಲಿ ನಿಮ್ಮ ಹೊರಸು ಇದೆ. ಸ್ಪೀಕರ್ ತನ್ನಿಂದ 1 ಮೀಟರ್ ದೂರದಲ್ಲಿ 85 ಡೆಸಿಬೆಲ್ ಶಬ್ದ ಮಾಡುತ್ತಿದೆ ಎಂದುಕೊಳ್ಳಿ. ಈಗಿನ ಮಧ್ಯಮ ಗಾತ್ರದ ಸ್ಪೀಕರ್‌ಗೆ ಇದು ಕಷ್ಟವಲ್ಲ.

ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್‌ನಲ್ಲಿ 85 ಇದ್ದದ್ದು 2 ಮೀಟರ್‌ನಲ್ಲಿ 79, 4 ಮೀಟರ್‌ನಲ್ಲಿ 73, 8 ಮೀಟರ್‌ನಲ್ಲಿ 67, 16 ಮೀಟರ್‌ನಲ್ಲಿ 61. ಅಂದರೆ ಗೆಳೆಯರ ಕಿವಿಗೆ 73, ನಿಮ್ಮ ದಿಂಬಿನ ಹತ್ತಿರ 61. ಎದುರಿಗೆ ಕೂತು ಮಾತಾಡುವವರ ದನಿ ಸುಮಾರು 60 ಡೆಸಿಬೆಲ್ ಇರುತ್ತದೆ. ನಿಮ್ಮ ಹೊರಸಿನ ಪಕ್ಕದಲ್ಲೇ ಯಾರೋ ಕೂತು ಬಿಡದೆ ಮಾತಾಡುತ್ತಿದ್ದಂತೆ ಆಯಿತು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಸ್ಪೀಕರನ್ನು ಅಂಚುಗೋಡೆಯಿಂದ ಇಳಿಸಿ ಗೆಳೆಯರ ನಡುವೆ, ಅವರಿಂದ 1 ಮೀಟರ್ ದೂರದಲ್ಲಿ ನೆಲಕ್ಕಿಡಿ. ಅವರಿಗೆ ಮೊದಲಿನಷ್ಟೇ, ಅಂದರೆ 73 ಡೆಸಿಬೆಲ್ ಕೇಳಬೇಕಾದರೆ ಸ್ಪೀಕರ್ ಈಗ 85 ಅಲ್ಲ, 73 ಮಾಡಿದರೆ ಸಾಕು. ಅದೇ ಲೆಕ್ಕದಲ್ಲಿ 16 ಮೀಟರ್ ದೂರದ ನಿಮ್ಮ ಹೊರಸಿಗೆ ಬರುವುದು 49. ಗೆಳೆಯರು ಏನನ್ನೂ ಕಳೆದುಕೊಳ್ಳಲಿಲ್ಲ, ನಿಮಗೆ 12 ಡೆಸಿಬೆಲ್ ಇಳಿಯಿತು. ಕಿವಿಗೆ ಅರ್ಧಕ್ಕಿಂತ ಕಡಿಮೆ ಅನಿಸುವಷ್ಟು. ಅಂಚುಗೋಡೆ ಈಗ ಸ್ಪೀಕರ್‌ಗೂ ನಿಮಗೂ ಅಡ್ಡ ಬರುವುದರಿಂದ ಇನ್ನೂ ಕೆಲವು ಡೆಸಿಬೆಲ್ ತಗ್ಗುತ್ತದೆ. ಸ್ಪೀಕರ್‌ನ ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ, ಇದನ್ನು ಹುಡುಗರಿಗೆ ಹೇಳಿದರೆ ಬೇಗ ಒಪ್ಪುತ್ತಾರೆ!

ಸುತ್ತಲಿನ ಗೋಡೆ, ನೀರಿನ ಟ್ಯಾಂಕು, ಎದುರು ಮನೆಯ ಮಹಡಿ ಶಬ್ದವನ್ನು ತಿರುಗಿಸುವುದರಿಂದ ನಿಮ್ಮ ಓಣಿಯಲ್ಲಿ ಅಂಕಿಗಳು ಒಂದಿಷ್ಟು ಬೇರೆಯಾಗಬಹುದು. ಆದರೆ ದಾರಿ ಇದೇ. ಸ್ಪೀಕರನ್ನು ಬೇರೆ ದಿಕ್ಕಿಗೆ ತಿರುಗಿಸುವುದರಿಂದ ಮಾತ್ರ ಹೆಚ್ಚು ಪ್ರಯೋಜನವಿಲ್ಲ. ತಾಳ, ಸೀಟಿಯಂಥ ಚೂಪು ದನಿಗಳು ತಿರುಗಿಸಿದ ಕಡೆ ಹೋಗುತ್ತವೆ. ಬಾಸ್ ಎಲ್ಲ ಕಡೆಗೂ ಹರಡುತ್ತದೆ, ಗೋಡೆಯನ್ನೂ ಬಳಸಿಕೊಂಡು ಬರುತ್ತದೆ. ದೂರದಿಂದ ಹಾಡು ತಿಳಿಯದೆ ಬರೀ ‘ದುಬ್ ದುಬ್’ ಕೇಳುವುದು ಇದಕ್ಕೇ. ಹಾಗಾಗಿ ಬಾಸ್ ಬೂಸ್ಟ್ ಗುಂಡಿ ಆರಿಸುವಂತೆ ಬೇರೆಯಾಗಿಯೇ ಕೇಳಬೇಕು.

ಇಲ್ಲಿ ಮೊಬೈಲ್‌ನ ಶಬ್ದ ಅಳೆಯುವ ಆ್ಯಪ್ ಬಗ್ಗೆ ಒಂದು ಮಾತು. ಅದು ತೋರಿಸುವ ಅಂಕಿ ನಾಲ್ಕೈದು ಡೆಸಿಬೆಲ್ ಆಚೀಚೆ ಇರುವುದು ಸಾಮಾನ್ಯ. ಜೊತೆಗೆ, ಅಳೆಯುವಾಗ ಬಳಸುವ ಪದ್ಧತಿ ಕಿವಿಯ ಸ್ವಭಾವಕ್ಕೆ ತಕ್ಕಂತೆ ಬಾಸ್‌ನ ಲೆಕ್ಕವನ್ನು ಬಹಳ ಇಳಿಸುತ್ತದೆ. ಎದೆಗೆ ಬಡಿಯುವ ‘ದುಬ್ ದುಬ್’ ಇದ್ದರೂ ಅಂಕಿ ಸಣ್ಣದಾಗಿ ಕಾಣಬಹುದು. ಆದ್ದರಿಂದ ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು ನೆರೆಯವರಿಗೆ ‘ಸಾಕ್ಷಿ’ ಎಂದು ಕಳಿಸಬೇಡಿ. ಅದೇ ಮೊಬೈಲನ್ನು ಅದೇ ಜಾಗದಲ್ಲಿಟ್ಟು ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ನೋಡಿಕೊಳ್ಳಲು ಆ ಆ್ಯಪ್ ಸಾಕು.

ರಾತ್ರಿ ಶಬ್ದ ವೇಗವಾಗಿ ಓಡುತ್ತದೆಯೇ?

ಇಲ್ಲ. ತಂಪು ಗಾಳಿಯಲ್ಲಿ ಶಬ್ದ ನಿಧಾನವಾಗುತ್ತದೆ. 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಓಡುವ ಶಬ್ದ, ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಸುಮಾರು 0.6 ಮೀಟರ್ ವೇಗ ಕಳೆದುಕೊಳ್ಳುತ್ತದೆ. ರಾತ್ರಿ ದೂರದ ಶಬ್ದ ಹತ್ತಿರ ಬಂದಂತೆ ಕೇಳುವುದು ಬೇರೆ ಕಾರಣಕ್ಕೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿದ ಗಾಳಿ ತಂಪಾಗುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಮೇಲೆ ವೇಗ ಹೆಚ್ಚು, ಕೆಳಗೆ ಕಡಿಮೆ ಆದ್ದರಿಂದ ಆಕಾಶಕ್ಕೆ ಹೋಗಬೇಕಿದ್ದ ಶಬ್ದ ಬಾಗಿ ಮತ್ತೆ ನೆಲದ ಕಡೆ ಬರುತ್ತದೆ.

ಆದರೆ ಇದು ನೂರಾರು ಮೀಟರ್ ದೂರಕ್ಕೆ ಮುಖ್ಯವಾಗುವ ಮಾತು, ಪಕ್ಕದ ಮನೆಗೆ ಅಲ್ಲ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆ, ಕಾಡಂಚಿನ ಊರು ತಾಂಡಾಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಹೊಲದ ಆಚೆ ಹಚ್ಚಿದ ಹಾಡಿನ ಪದ ಪದ ಈಚೆಗೆ ಕೇಳುತ್ತದೆ. ಅಲ್ಲಿ ಹಿನ್ನೆಲೆಯ ಗದ್ದಲವೂ ಇಲ್ಲ. ದೊಡ್ಡ ರಸ್ತೆ ಅಥವಾ ಕಾರ್ಖಾನೆ ಹತ್ತಿರ ಇರುವ ಊರಲ್ಲಿ ಲಾರಿಗಳ, ಯಂತ್ರಗಳ ಒಂದೇ ಸಮನೆ ಬರುವ ಮೊರೆತ ಸಣ್ಣ ಶಬ್ದಗಳನ್ನು ಮುಚ್ಚಿಹಾಕುತ್ತದೆ; ಕುಂಚಾವರಂನಂಥ ಊರಲ್ಲಿ ಮುಚ್ಚಿಹಾಕಲು ಏನೂ ಇಲ್ಲದೆ ಅದೇ ಸ್ಪೀಕರ್ ಇನ್ನೂ ಚುಚ್ಚುತ್ತದೆ. ‘ನಮ್ಮ ಸಣ್ಣ ಊರಲ್ಲಿ ಯಾರಿಗೆ ತೊಂದರೆ’ ಎನ್ನುವವರು ಇದನ್ನು ಗಮನಿಸಬೇಕು.

ನಿದ್ದೆಯ ವಿಷಯವೂ ಇಲ್ಲಿಯೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಮಲಗುವ ಕೋಣೆಯೊಳಗೆ ಬಿಡದೆ ಬರುವ ಶಬ್ದ 30 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಎಚ್ಚರವಾಗದೆ ಇದ್ದರೂ ಶಬ್ದಕ್ಕೆ ಹೃದಯದ ಬಡಿತ ಏರುತ್ತದೆ, ಗಾಢ ನಿದ್ದೆ ತೆಳ್ಳಗಾಗುತ್ತದೆ. ಒಂದೇ ಸಮನೆ ಬರುವ ಫ್ಯಾನಿನ ಸದ್ದಿಗಿಂತ ನಿಂತು ನಿಂತು ಬರುವ, ಏರಿಳಿಯುವ, ಪದಗಳಿರುವ ಸದ್ದು ಹೆಚ್ಚು ಕೆಣಕುತ್ತದೆ, ಹಾಡೆಂದರೆ ಅಂಥದೇ. ಮನೆಯೊಳಗೆ ಮಲಗಿದವರು ಕಿಟಕಿ ಹಾಕಿದರೆ ಸುಮಾರು 20 ಡೆಸಿಬೆಲ್ ಹೊರಗೇ ನಿಲ್ಲಿಸಬಹುದು. ಮಾಳಿಗೆ ಮೇಲೆ ಮಲಗಿದವರಿಗೆ ಆ ಅನುಕೂಲ ಇಲ್ಲ. ‘ಕಿಟಕಿ ಹಾಕ್ಕೊಳ್ರಿ’ ಎಂಬ ಸಲಹೆ ನಮ್ಮ ಕಡೆಯ ಬೇಸಿಗೆಗೆ ಹೊಂದುವುದಿಲ್ಲ.

ನಿಯಮ ಏನು ಹೇಳುತ್ತದೆ

ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ದೇಶಕ್ಕೆಲ್ಲ ಅನ್ವಯ. ಇದರಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಈ ಹೊತ್ತಿನಲ್ಲಿ ಧ್ವನಿವರ್ಧಕ ಮಾತ್ರವಲ್ಲ, ಶಬ್ದ ಮಾಡುವ ಯಾವುದೇ ಸಾಧನ, ವಾದ್ಯ, ಆಂಪ್ಲಿಫೈಯರ್ ಬಳಸುವಂತಿಲ್ಲ. ಸಭಾಂಗಣದಂಥ ಮುಚ್ಚಿದ ಜಾಗದೊಳಗಿನ ಬಳಕೆಗೆ ಮತ್ತು ಸಾರ್ವಜನಿಕ ತುರ್ತಿಗೆ ಮಾತ್ರ ವಿನಾಯಿತಿ. ಬ್ಲೂಟೂತ್ ಸ್ಪೀಕರ್ ‘ಶಬ್ದ ಮಾಡುವ ಸಾಧನ’ ಅಲ್ಲ ಎನ್ನಲು ಬರುವುದಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ಗೆಳೆಯನ ಹುಟ್ಟುಹಬ್ಬಕ್ಕೆ ತಾನಾಗಿ ಸಿಗುವ ರಿಯಾಯಿತಿ ಅಲ್ಲ.

10ರ ಮೊದಲು ಎಷ್ಟು ಬೇಕಾದರೂ ಹಾಕಬಹುದು ಎನ್ನುವುದೂ ತಪ್ಪು. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಖಾಸಗಿ ಸೌಂಡ್ ಸಿಸ್ಟಂನ ಶಬ್ದ ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ದಾಟಬಾರದು. ಅಂದರೆ ಹಗಲು, ಸಂಜೆಗೆ ಗಡಿಯಲ್ಲಿ 60. ನಮ್ಮ ಉದಾಹರಣೆಯಲ್ಲಿ ಅಂಚುಗೋಡೆ ಮೇಲಿನ ಸ್ಪೀಕರ್ 4 ಮೀಟರ್ ದೂರದಲ್ಲೇ 73 ಇತ್ತು. ಅದು ರಾತ್ರಿ 9ಕ್ಕೂ ಮಿತಿಯ ಆಚೆ.

ಇಷ್ಟು ತಿಳಿದಿರಲಿ. ಆದರೆ ಮೊದಲ ಸಂದೇಶದಲ್ಲಿ ಇದರ ಒಂದು ಪದವೂ ಬರಬಾರದು ಎಂಬುದು ನಮ್ಮ ಅಭಿಪ್ರಾಯ. ಕಾನೂನಿನ ಫಾರ್ವರ್ಡ್ ಅಂಟಿಸಿ ಕಳಿಸಿದರೆ ಓದುವವರಿಗೆ ಅದು ವಿನಂತಿಯಾಗಿ ಕಾಣುವುದಿಲ್ಲ, ನೋಟಿಸ್ ಆಗಿ ಕಾಣುತ್ತದೆ.

ಸಂದೇಶ ಹೀಗಿರಲಿ

ಪಕ್ಕದ ಮನೆಯ, ನಿಮಗಿಂತ ಒಂದಿಷ್ಟು ದೊಡ್ಡವರಾದ ಒಬ್ಬರಿಗೆ ನಮ್ಮ ಕಡೆಯ ಮಾತಿನಲ್ಲೇ ಬರೆದರೆ:

‘ನಮಸ್ಕಾರ್ರಿ ಅಣ್ಣಾರ, ಆರಾಮ ಅದೀರಿ? ಒಂದು ಮಾತು ಕೇಳ್ಬೇಕಾಗಿತ್ತು, ತಪ್ಪು ತಿಳ್ಕೋಬ್ಯಾಡ್ರಿ. ರಾತ್ರಿ ಮಾಳಿಗಿ ಮ್ಯಾಲ ಹಾಡು ಹಚ್ಚತೀರಲ್ರಿ, ಅದು ನಮ್ಮ ಮಾಳಿಗಿ ತನಕ ಭಾಳ ಜೋರ ಬರ್ತದ. ನಿಮಗ ಅಲ್ಲಿ ಕುಂತ್ರ ಅಷ್ಟು ಗೊತ್ತಾಗ್ಲಿಕ್ಕಿಲ್ಲ. ಅಪ್ಪಗ ನಸಕಿನ್ಯಾಗ ಐದಕ್ಕ ಡ್ಯೂಟಿಗಿ ಹೋಗೋದಿರ್ತದ, ಹತ್ತಕ್ಕ ಮಲಗ್ತಾರ. ಹತ್ತರ ಮ್ಯಾಲ ಸ್ಪೀಕರ್ ಒಳಗ ಒಯ್ದು ಹಚ್ಚಿದ್ರ ನಮಗ ಭಾಳ ಅನುಕೂಲ ಆಗ್ತದ್ರಿ. ಅದಕ್ಕೂ ಮೊದಲ ಹಚ್ಚಾಗ ಗ್ವಾಡಿ ಮ್ಯಾಲ ಇಡೋದು ಬಿಟ್ಟು ಕೆಳಗ ನಿಮ್ಮ ಹತ್ರನೇ ಇಟ್ಕೊಂಡು, ಬಾಸ್ ಕಮ್ಮಿ ಮಾಡಿದ್ರ ಸಾಕ್ರಿ. ನಮ್ಮಿಂದ ನಿಮಗೇನರ ತ್ರಾಸ ಇದ್ರ ನೀವೂ ಹೇಳ್ರಿ.’

ಇದರಲ್ಲಿ ‘ಸ್ವಲ್ಪ ಕಡಿಮೆ ಮಾಡ್ರಿ’ ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಅದರ ಬದಲು ಒಂದು ಗಂಟೆ ಇದೆ, ಒಂದು ಜಾಗ ಇದೆ, ಒಂದು ಗುಂಡಿ ಇದೆ. ಮಾಡಿದ್ದಾರೋ ಇಲ್ಲವೋ ಎಂಬುದು ಇಬ್ಬರಿಗೂ ಕಣ್ಣಿಗೆ ಕಾಣುತ್ತದೆ, ವಾದಕ್ಕೆ ಜಾಗವಿಲ್ಲ. ‘ನಿಮಗ ಅಲ್ಲಿ ಗೊತ್ತಾಗ್ಲಿಕ್ಕಿಲ್ಲ’ ಎಂಬುದು ಬರೀ ಉಪಚಾರದ ಮಾತೂ ಅಲ್ಲ. ಮೇಲೆ ಹೇಳಿದಂತೆ ಅದು ನಿಜ. ಕಾರಣ ಕೂಡ ನಿಮ್ಮ ಮನೆಯ ನಿಜವಾದ ಕಾರಣವೇ ಆಗಿರಲಿ. ಪರೀಕ್ಷೆ ಇದ್ದರೆ ಪರೀಕ್ಷೆ, ಕೂಸು ಇದ್ದರೆ ಕೂಸು. ಇಲ್ಲದ ಕಾಯಿಲೆ ಹೇಳಿದರೆ ಮರುದಿನ ಅವರು ನೋಡಲು ಬಂದಾರು.

ಯಾವಾಗ ಕಳಿಸುವುದು? ಹಾಡು ನಡೆಯುತ್ತಿರುವಾಗ ರಾತ್ರಿ ಹನ್ನೊಂದೂವರೆಗೆ ಅಲ್ಲ. ಆಗ ನಿಮಗೂ ಸಿಟ್ಟು ಇರುತ್ತದೆ, ಅವರ ಸುತ್ತ ಗೆಳೆಯರೂ ಇರುತ್ತಾರೆ. ನಾಲ್ಕು ಜನರ ಮುಂದೆ ತಗ್ಗುವುದು ಯಾರಿಗೂ ಇಷ್ಟವಾಗದು. ಮರುದಿನ ಹಗಲು ಊಟದ ಹೊತ್ತಿಗೋ, ಸಂಜೆ ಮಾಳಿಗೆ ಹತ್ತುವ ಮೊದಲೋ ಕಳಿಸಿ. ಅದೇ ರಾತ್ರಿ ಕೇಳಲೇಬೇಕಾದರೆ ಎರಡೇ ಸಾಲು ಸಾಕು: ‘ಅಣ್ಣಾರ, ಹತ್ತೂವರಿ ಆಯ್ತ್ರಿ, ಅಪ್ಪ ಮಲಗ್ಯಾರ. ಈಗ ಸ್ಪೀಕರ್ ಒಳಗ ಒಯ್ತೀರೇನ್ರಿ?’ ಕರೆ ಮಾಡಬೇಡಿ. ಸ್ಪೀಕರ್‌ಗೆ ಜೋಡಿಸಿದ ಮೊಬೈಲ್‌ಗೆ ಕರೆ ಬಂದರೆ ಹಾಡು ನಿಂತು, ಎಷ್ಟೋ ಸಲ ರಿಂಗ್‌ಟೋನ್ ಸ್ಪೀಕರ್‌ನಲ್ಲೇ ಕೇಳುತ್ತದೆ. ಸ್ಪೀಕರ್‌ನಲ್ಲೇ ಎತ್ತಿಕೊಂಡರೆ ನಿಮ್ಮ ಮಾತು ಓಣಿಗೆಲ್ಲ ಕೇಳುತ್ತದೆ.

ಯಾರಿಗೆ ಕಳಿಸುವುದು ಎಂಬುದರಲ್ಲೂ ಎಡವಟ್ಟಾಗುತ್ತದೆ. ಹಾಡು ಹಚ್ಚುವವನು ಮನೆಯ ಹುಡುಗನಾದರೆ ಮೊದಲು ಅವನಿಗೇ, ‘ತಮ್ಮಾ’ ಎಂದು ಶುರು ಮಾಡಿ ಬರೆಯಿರಿ. ನೇರ ಅವನ ಅಪ್ಪನಿಗೆ ಹೇಳಿದರೆ ಅದು ಚಾಡಿಯಾಗುತ್ತದೆ. ಎರಡನೆಯ ಸಲವೂ ಬದಲಾಗದಿದ್ದರೆ ಹಿರಿಯರ ಹತ್ತಿರ ಮುಖತಃ ಹೋಗಿ ಮಾತಾಡಿ. ಓಣಿಯ ಗ್ರೂಪ್‌ನಲ್ಲಿ ಹೆಸರು ಹಾಕದೆ ‘ಕೆಲವರು ರಾತ್ರಿ…’ ಎಂದು ಬರೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಯಾರಿಗೆ ಹೇಳಿದ್ದು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಉತ್ತರ ಕೊಡಲು ಮಾತ್ರ ಅವರಿಗೆ ಬಾಯಿಲ್ಲದಂತಾಗುತ್ತದೆ. ಮನೆಯಲ್ಲಿ ಮದುವೆ, ತೊಟ್ಟಿಲು ಇದ್ದ ದಿನದ ಗದ್ದಲಕ್ಕೆ ಸಂದೇಶ ಕಳಿಸದಿದ್ದರೆ ಒಳ್ಳೆಯದು. ದಿನಾ ನಡೆಯುವುದನ್ನು ಮಾತ್ರ ಕೇಳಿ.

ಕುಂಚಾವರಂ ತೆಲಂಗಾಣದ ಗಡಿಗೆ ಹತ್ತಿಕೊಂಡ ಊರು. ಪಕ್ಕದ ಮನೆಯವರು ತೆಲುಗು, ಲಂಬಾಣಿ, ದಖನಿ ಮಾತಾಡುವವರಾಗಿರಬಹುದು, ಕನ್ನಡ ಓದಲು ಬಾರದಿರಬಹುದು. ಅಂಥಲ್ಲಿ ಇದೇ ಮಾತನ್ನು ಅವರ ಭಾಷೆಯಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶವಾಗಿ ಕಳಿಸಿ. ಕಳಿಸುವ ಮೊದಲು ಒಮ್ಮೆ ನೀವೇ ಕೇಳಿಕೊಳ್ಳಿ. ಬರಹದಲ್ಲಿ ಕಾಣದ ಸಿಟ್ಟು ದನಿಯಲ್ಲಿ ತಿಳಿದುಬಿಡುತ್ತದೆ.

ಇಷ್ಟಾದರೂ ಹತ್ತರ ಮೇಲೆ ಮಾಳಿಗೆಯಲ್ಲಿ ಹಾಡು ನಿಲ್ಲದಿದ್ದರೆ ನಿಯಮದ ದಾರಿ ಇದ್ದೇ ಇದೆ. ಹೊತ್ತು ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರ ತನಕ. ನಾಲ್ಕೈದು ರಾತ್ರಿಯ ಪಟ್ಟಿ ಮತ್ತು ನೀವು ಮೊದಲು ಕಳಿಸಿದ ಸೌಜನ್ಯದ ಸಂದೇಶ, ಇವೆರಡನ್ನು ಹಿಡಿದು ಠಾಣೆಗೆ ಹೋಗಬಹುದು. ಆ ಕ್ಷಣವೇ ಬೇಕಾದರೆ 112ಕ್ಕೆ ಕರೆ ಮಾಡಬಹುದು. ರಾತ್ರಿಯ ನಿರ್ಬಂಧ ಮುರಿದರೆ ದೂರು ಕೊಡಲು ಅದೇ ಸಾಕು, ಡೆಸಿಬೆಲ್ ಅಳೆದು ತೋರಿಸುವ ಹೊರೆ ನಿಮ್ಮ ಮೇಲಿಲ್ಲ.